ಮೌತ್‌ವಾಶ್ ಯಾವುದು, ಯಾರಿಗೆ, ಎಷ್ಟು ದಿನ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಹಲ್ಲಿನ ಕ್ಲಿನಿಕ್‌ಗೆ ಸೇಡಂ, ಶಹಾಪುರ, ಹುಮನಾಬಾದ್ ಕಡೆಯಿಂದೆಲ್ಲ ಜನ ಬರುತ್ತಾರೆ. ಕುರ್ಚಿ ಮೇಲೆ ಕೂತಾಗ ಕೇಳುವುದಕ್ಕಿಂತ, ಎದ್ದು ಚಪ್ಪಲಿ ಮೆಟ್ಟುವಾಗ ಕೇಳುವ ಪ್ರಶ್ನೆಗಳೇ ಜಾಸ್ತಿ. ಅವುಗಳಲ್ಲಿ ಮೌತ್‌ವಾಶ್ ಬಗ್ಗೆ ಕೇಳಿದವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಮೆಡಿಕಲ್‌ನಲ್ಲಿ ಸಿಗುವ ಮೌತ್‌ವಾಶ್ ಎಲ್ಲಾ ಒಂದೇ ಅಲ್ವಾ? ಬಣ್ಣ ಅಷ್ಟೇ ಬೇರೆ?

ಅಲ್ಲ. ಬಣ್ಣ ನೋಡಿ ಏನೂ ಗೊತ್ತಾಗುವುದಿಲ್ಲ. ಬಾಟ್ಲಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ.

ಕ್ಲೋರ್‌ಹೆಕ್ಸಿಡಿನ್ 0.2% ಅಂತ ಇದ್ದರೆ ಅದು ಆಂಟಿಸೆಪ್ಟಿಕ್. ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧ. ಇದರ ಕೆಲಸ ವಸಡಿಗೆ ಸಂಬಂಧಿಸಿದ್ದು. ಸೋಡಿಯಂ ಫ್ಲೋರೈಡ್ 0.05% ಅಂತ ಇದ್ದರೆ ಅದು ಫ್ಲೋರೈಡ್ ಮೌತ್‌ವಾಶ್. ಇದು ಬ್ಯಾಕ್ಟೀರಿಯಾದ ತಂಟೆಗೆ ಹೆಚ್ಚು ಹೋಗುವುದಿಲ್ಲ, ಹಲ್ಲಿನ ಮೇಲ್ಪದರವನ್ನು ಗಟ್ಟಿ ಮಾಡಿ ಹುಳುಕು ತಡೆಯುತ್ತದೆ. ಒಂದು ವಸಡಿಗೆ, ಇನ್ನೊಂದು ಹಲ್ಲಿಗೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ನಡುವೆ ಇನ್ನೊಂದು ಗುಂಪಿದೆ. ಟಿವಿ ಜಾಹೀರಾತಿನಲ್ಲಿ ಬರುವಂಥವು. ಥೈಮಾಲ್, ನೀಲಗಿರಿ, ಪುದೀನದ ಸತ್ವ ಇರುವಂಥವು, ಇಲ್ಲವೇ ಸಿಪಿಸಿ ಎಂಬ ರಾಸಾಯನಿಕ ಇರುವಂಥವು. ಇವೂ ಆಂಟಿಸೆಪ್ಟಿಕ್ಕೇ, ಆದರೆ ಕ್ಲೋರ್‌ಹೆಕ್ಸಿಡಿನ್‌ಗಿಂತ ಮೆತ್ತಗೆ ಕೆಲಸ ಮಾಡುತ್ತವೆ. ಕೆಲವು ಬಾಟ್ಲಿಗಳಲ್ಲಿ ಕ್ಲೋರ್‌ಹೆಕ್ಸಿಡಿನ್ ಮತ್ತು ಫ್ಲೋರೈಡ್ ಎರಡೂ ಇರುತ್ತವೆ. ಅಂಥವನ್ನು ಕ್ಲೋರ್‌ಹೆಕ್ಸಿಡಿನ್ ಅಂತಲೇ ಲೆಕ್ಕ ಹಿಡಿಯಿರಿ, ಯಾಕಂದ್ರೆ ಅದರ ಕಿರಿಕಿರಿಗಳೆಲ್ಲ ಇದರಲ್ಲೂ ಇವೆ.

ನಾನು ದಿನಾ ಎರಡು ಹೊತ್ತು ಫ್ಲೋರೈಡ್ ಪೇಸ್ಟ್‌ನಿಂದ ಹಲ್ಲುಜ್ಜುತ್ತೇನೆ. ಹುಳುಕಿಲ್ಲ, ವಸಡಲ್ಲಿ ರಕ್ತ ಬರಲ್ಲ. ನನಗೆ ಮೌತ್‌ವಾಶ್ ಬೇಕಾ?

ಬೇಡ.

ಹಲ್ಲು ಕೀಳಿಸಿದಾಗ ಡಾಕ್ಟ್ರು ಒಂದು ಬಾಟ್ಲಿ ಬರೆದುಕೊಟ್ಟರು. ಎಷ್ಟು ದಿನ ಹಾಕಬೇಕು?

ಅದು ಬಹುತೇಕ ಕ್ಲೋರ್‌ಹೆಕ್ಸಿಡಿನ್ನೇ ಆಗಿರುತ್ತದೆ. ಸಾಮಾನ್ಯವಾಗಿ ಒಂದು ವಾರದಿಂದ ಎರಡು ವಾರ. ವಸಡಿನ ಆಪರೇಷನ್ ಆಗಿದ್ದರೆ ಸ್ವಲ್ಪ ಹೆಚ್ಚು. ಕೇಳದೆ ನಾಲ್ಕು ವಾರ ದಾಟಿಸಬೇಡಿ.

ಹಲ್ಲು ಕಿತ್ತ ಮೊದಲ 24 ಗಂಟೆ ಯಾವ ಮೌತ್‌ವಾಶೂ ಬೇಡ, ಉಪ್ಪುನೀರೂ ಬೇಡ. ಕಿತ್ತ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಒಂದು ಮುಚ್ಚಳದ ಹಾಗೆ ಕೂತಿರುತ್ತದೆ. ಗಳಗಳ ಅಂತ ಜೋರಾಗಿ ಮುಕ್ಕಳಿಸಿದರೆ ಅದು ಕಿತ್ತುಬಂದು, ಮೂರನೇ ದಿನಕ್ಕೆ ಕಿವಿಯವರೆಗೂ ನೋವು ಹತ್ತುತ್ತದೆ. ಮಾರನೆಯ ದಿನದಿಂದ ಶುರು ಮಾಡಿ. ಬಾಟ್ಲಿಯ ಮುಚ್ಚಳದಲ್ಲಿ ಗೆರೆ ಇರುತ್ತದೆ, 10 ಮಿಲಿ ಹಾಕಿಕೊಂಡು ಒಂದು ನಿಮಿಷ ಬಾಯಲ್ಲಿ ನಿಧಾನವಾಗಿ ಆಡಿಸಿ ಉಗುಳಿ. ದಿನಕ್ಕೆ ಎರಡು ಸಲ ಸಾಕು. ಈ ಔಷಧ ಹಲ್ಲಿಗೂ ಬಾಯಿಯ ಒಳಚರ್ಮಕ್ಕೂ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಅದಕ್ಕೇ ನಾಲ್ಕು ಸಲ ಹಾಕಿದರೆ ಲಾಭವಿಲ್ಲ, ಖರ್ಚು ಮಾತ್ರ. ಉಗುಳಿದ ಮೇಲೆ ನೀರಿನಿಂದ ಬಾಯಿ ತೊಳೆಯಬೇಡಿ, ಅರ್ಧ ಗಂಟೆ ಏನೂ ತಿನ್ನಬೇಡಿ.

ಡಾಕ್ಟ್ರೇ, ಮೌತ್‌ವಾಶ್ ಹಾಕ್ತಾ ಹಾಕ್ತಾ ಹಲ್ಲು ಕಂದು ಬಣ್ಣಕ್ಕೆ ತಿರುಗಿದೆ. ಹಲ್ಲು ಹಾಳಾಯ್ತಾ?

ಹಾಳಾಗಿಲ್ಲ. ಆದರೆ ಔಷಧ ನಿಲ್ಲಿಸುವ ಹೊತ್ತು ಮೀರಿದೆ ಎಂಬುದಕ್ಕೆ ಇದು ಗುರುತಾಗಿರಬಹುದು.

ಶಹಾಪುರ ತಾಲೂಕಿನ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ವಯಸ್ಸು ನಲವತ್ತರ ಆಸುಪಾಸು. ವಸಡಲ್ಲಿ ರಕ್ತ ಬರುತ್ತಿತ್ತು ಅಂತ ಬೇರೆ ಕಡೆ ಹಲ್ಲು ಕ್ಲೀನ್ ಮಾಡಿಸಿದ್ದರು. ಹತ್ತು ದಿನಕ್ಕೆ ಅಂತ ಕ್ಲೋರ್‌ಹೆಕ್ಸಿಡಿನ್ ಕೊಟ್ಟಿದ್ದರು. ರಕ್ತ ನಿಂತಿತು, ಬಾಯಿಗೂ ಹಿತ ಅನ್ನಿಸಿತು. ಬಾಟ್ಲಿ ಖಾಲಿಯಾದಾಗಲೆಲ್ಲ ಮೆಡಿಕಲ್‌ನಲ್ಲಿ ಅದೇ ಚೀಟಿ ತೋರಿಸಿ ತರಿಸಿಕೊಂಡರು. ನಾಲ್ಕು ತಿಂಗಳಾಯಿತು. ನಮ್ಮಲ್ಲಿಗೆ ಬಂದಾಗ ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗ ಪೂರ್ತಿ ಕಂದು. ಹಲ್ಲು ಹಲ್ಲಿನ ಸಂದಿಯಲ್ಲಿ ಕಪ್ಪು ಗೆರೆ. ನಾಲಿಗೆ ಮೇಲೂ ಕಂದು ಲೇಪ. "ತಂಬಾಕು ಮುಟ್ಟಿದವಳಲ್ಲ ರೀ, ಮಂದಿ ಏನಂತ ತಿಳ್ಕೋತಾರ" ಅಂತ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡಿದರು.

ಆಗಿದ್ದಿಷ್ಟು. ಹಲ್ಲಿಗೆ ಅಂಟಿದ ಕ್ಲೋರ್‌ಹೆಕ್ಸಿಡಿನ್, ಚಹಾದ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅವರು ಬೆಳಿಗ್ಗೆ ಮೌತ್‌ವಾಶ್ ಉಗುಳಿದ ಬೆನ್ನಿಗೇ ಚಹಾ ಕುಡಿಯುತ್ತಿದ್ದರು, ದಿನಕ್ಕೆ ನಾಲ್ಕೈದು ಕಪ್ಪು. ಬಣ್ಣ ಪದರ ಪದರವಾಗಿ ಕೂತಿತು. ಇದು ಬ್ರಷ್‌ಗೆ ಹೋಗುವುದಿಲ್ಲ. ಇದ್ದಿಲು ಪುಡಿ, ಇಟ್ಟಿಗೆ ಪುಡಿ, ನಿಂಬೆಹಣ್ಣು ಅಂತ ತಿಕ್ಕಿದರೆ ಕಲೆಗಿಂತ ಮೊದಲು ಹಲ್ಲೇ ಸವೆಯುತ್ತದೆ. ಕ್ಲಿನಿಕ್‌ನಲ್ಲಿ ಕ್ಲೀನ್ ಮಾಡಿ ಪಾಲಿಶ್ ಮಾಡಿದ ಮೇಲೆ ಅವರ ಹಲ್ಲು ಮೊದಲಿನ ಹಾಗಾಯಿತು. ಒಂದು ಕಡೆ ಮಾತ್ರ ಪೂರ್ತಿ ಹೋಗಲಿಲ್ಲ. ಹಲ್ಲಿನ ಬಣ್ಣದ ಸಿಮೆಂಟ್ ತುಂಬಿಸಿದ್ದ ಒಂದು ಹಲ್ಲಿನಲ್ಲಿ, ಸಿಮೆಂಟಿನ ಅಂಚಿಗೆ ಬಣ್ಣ ಇಳಿದುಬಿಟ್ಟಿತ್ತು.

ಅವರಿಗೆ ಗಾರೆ, ಅಂದರೆ ಹಲ್ಲಿನ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಗಿ ಕಟ್ಟುವ ಕೊಳೆ, ಅದೂ ಜಾಸ್ತಿಯಾಗಿತ್ತು. ಇದೂ ಕ್ಲೋರ್‌ಹೆಕ್ಸಿಡಿನ್‌ನ ಒಂದು ಗುಣ. ವಸಡು ಚೆನ್ನಾಗಿರಲಿ ಅಂತ ಹಾಕಿದ ಔಷಧವನ್ನು ತಿಂಗಳುಗಟ್ಟಲೆ ಎಳೆದರೆ, ವಸಡು ಕೆಡಿಸುವ ಗಾರೆಯೇ ಬೆಳೆಯುತ್ತದೆ. ಇನ್ನೊಂದು ತೊಂದರೆ ಹೊರಗೆ ಕಾಣುವುದಿಲ್ಲ. ವಸಡಿನ ಆಳದಲ್ಲಿ ರೋಗ ಇದ್ದರೆ ಮೌತ್‌ವಾಶ್ ಅಲ್ಲಿಗೆ ಇಳಿಯುವುದೇ ಇಲ್ಲ. ಮೇಲಿನ ರಕ್ತ ನಿಲ್ಲುತ್ತದೆ, ಒಳಗೆ ಮೂಳೆ ಕರಗುತ್ತಾ ಹೋಗುತ್ತದೆ. ರಕ್ತ ನಿಂತಿತು ಅಂತ ಖುಷಿಯಲ್ಲಿ ಎರಡು ವರ್ಷ ಡಾಕ್ಟ್ರ ಕಡೆ ತಲೆ ಹಾಕದವರ ಹಲ್ಲು ಅಲ್ಲಾಡುವ ಸ್ಥಿತಿಗೆ ಬರುತ್ತವೆ.

ಮೌತ್‌ವಾಶ್ ಶುರು ಮಾಡಿದ ಮೇಲೆ ಬೇಳೆ ಸಾರು ಸಪ್ಪೆ ಅನ್ನಿಸ್ತಿದೆ. ನಾಲಿಗೆಗೆ ಏನಾಗಿದೆ?

ಕ್ಲೋರ್‌ಹೆಕ್ಸಿಡಿನ್ ಉಪ್ಪಿನ ರುಚಿಯನ್ನೇ ಮೊದಲು ಮಂಕು ಮಾಡುತ್ತದೆ. ನಿಲ್ಲಿಸಿದ ಮೇಲೆ ತಾನಾಗಿ ಸರಿಹೋಗುತ್ತದೆ. ಬಿಪಿ ಇದ್ದವರು ಒಂದು ಎಚ್ಚರ ಇಟ್ಟುಕೊಳ್ಳಿ: ಸಪ್ಪೆ ಅಂತ ತಾಟಿನ ಮೇಲೆ ಉಪ್ಪು ಉದುರಿಸಿಕೊಳ್ಳಬೇಡಿ. ಅಡುಗೆ ಮಾಡಿದವರ ಮೇಲೆ ರೇಗುವುದೂ ಬೇಡ. ಊಟ ಮುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಮೌತ್‌ವಾಶ್ ಹಾಕಿದರೆ ತೊಂದರೆ ಕಡಿಮೆ.

ಹಲ್ಲುಜ್ಜಿದ ತಕ್ಷಣ ಮೌತ್‌ವಾಶ್ ಹಾಕಬಹುದಾ?

ಎರಡಕ್ಕೂ ಬೇಡ, ಆದರೆ ಕಾರಣ ಬೇರೆ ಬೇರೆ.

ಕ್ಲೋರ್‌ಹೆಕ್ಸಿಡಿನ್‌ಗೆ ಪೇಸ್ಟಿನ ನೊರೆ ಆಗಿಬರುವುದಿಲ್ಲ. ನೊರೆ ತರಿಸುವ ರಾಸಾಯನಿಕ ಅದನ್ನು ಹಿಡಿದು ನಿಷ್ಕ್ರಿಯ ಮಾಡುತ್ತದೆ. ಹಲ್ಲುಜ್ಜಿ, ಬಾಯಿ ಚೆನ್ನಾಗಿ ತೊಳೆದು, ಕನಿಷ್ಠ ಅರ್ಧ ಗಂಟೆ ಬಿಡಿ.

ಫ್ಲೋರೈಡ್ ಮೌತ್‌ವಾಶ್‌ನ ಲೆಕ್ಕವೇ ಬೇರೆ. ಪೇಸ್ಟಿನಲ್ಲಿ ಸಾಮಾನ್ಯವಾಗಿ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 1000 ಭಾಗ, ಫ್ಲೋರೈಡ್ ಇರುತ್ತದೆ. 0.05% ಮೌತ್‌ವಾಶ್‌ನಲ್ಲಿ ಇರುವುದು ಸುಮಾರು 225 ಪಿಪಿಎಂ. ಹಲ್ಲುಜ್ಜಿದ ತಕ್ಷಣ ಇದನ್ನು ಹಾಕಿ ಮುಕ್ಕಳಿಸಿದರೆ, ಹಲ್ಲಿನ ಮೇಲಿದ್ದ ಗಟ್ಟಿ ಫ್ಲೋರೈಡನ್ನು ತೆಳು ಫ್ಲೋರೈಡಿನಿಂದ ತೊಳೆದ ಹಾಗೆ. ಬೆಳಿಗ್ಗೆ ಮತ್ತು ರಾತ್ರಿ ಬ್ರಷ್, ಮಧ್ಯಾಹ್ನ ಊಟವಾದ ಮೇಲೆ ಮೌತ್‌ವಾಶ್. ಹೀಗೆ ಹಂಚಿಕೊಂಡರೆ ದಿನಕ್ಕೆ ಮೂರು ಸಲ ಹಲ್ಲಿಗೆ ಫ್ಲೋರೈಡ್ ಸಿಗುತ್ತದೆ.

ರಾತ್ರಿ ಹಲ್ಲುಜ್ಜಿದ ಮೇಲೆ ನೊರೆ ಉಗುಳಿ ಸುಮ್ನೆ ಮಲಗಿದರೆ ಇನ್ನೂ ಒಳ್ಳೆಯದು. ಚೊಂಬುಗಟ್ಟಲೆ ನೀರು ಹಾಕಿ ಬಾಯಿ ತೊಳೆಯುವ ಅಭ್ಯಾಸ ಬಿಡಲು ನಮ್ಮ ಜನಕ್ಕೆ ಕಷ್ಟ, ನನಗೆ ಗೊತ್ತು.

ನಮ್ಮ ಊರಿನ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ. ಅದರ ಮೇಲೆ ಫ್ಲೋರೈಡ್ ಮೌತ್‌ವಾಶ್ ಬೇರೆನಾ?

ಈ ಭಾಗದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಕೂತು ಬರೆದ ಸಲಹೆಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಎಳೆ ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಹಳದಿ ಪಟ್ಟಿ, ಕಂದು ಕಲೆ ಬರುತ್ತದೆ. ಇದನ್ನೇ ಫ್ಲೋರೋಸಿಸ್ ಅನ್ನುವುದು.

ಈಗ ಲೆಕ್ಕ ಹಾಕೋಣ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ದಿನಕ್ಕೆ ಮೂರು ಲೀಟರ್ ಕುಡಿದರೆ ಹೊಟ್ಟೆಗೆ ಹೋಗುವುದು 6 ಮಿಲಿಗ್ರಾಂ. ನಮ್ಮ ಬೇಸಿಗೆಯಲ್ಲಿ, ಹೊಲದಲ್ಲಿ ದುಡಿಯುವವರಿಗೆ ಮೂರು ಲೀಟರ್ ಯಾವ ಲೆಕ್ಕ? ಮೌತ್‌ವಾಶ್ 10 ಮಿಲಿಯಲ್ಲಿ ಇರುವುದು ಸುಮಾರು 2.25 ಮಿಲಿಗ್ರಾಂ. ಅದನ್ನೂ ಉಗುಳುತ್ತೇವೆ. ದೊಡ್ಡವರ ಹೊಟ್ಟೆಗೆ ಇಳಿಯುವುದು ಅದರಲ್ಲಿ ಸ್ವಲ್ಪವೇ. ಹಾಗಾಗಿ ದೊಡ್ಡವರ ಮಟ್ಟಿಗೆ ತೊಂದರೆಯ ಮೂಲ ಕೊಡದಲ್ಲಿದೆ, ಬಾಟ್ಲಿಯಲ್ಲಲ್ಲ. ಮೌತ್‌ವಾಶ್ ಬಿಟ್ಟು ಅದೇ ಬೋರ್ ನೀರು ಕುಡಿಯುತ್ತಾ ಇದ್ದರೆ ಏನೂ ಬದಲಾಗುವುದಿಲ್ಲ.

ಮಕ್ಕಳ ವಿಷಯ ಬೇರೆ. ಹಲ್ಲು ಒಸಡಿನೊಳಗೆ ತಯಾರಾಗುವ ಕಾಲದಲ್ಲಿ ಮಾತ್ರ ಫ್ಲೋರೋಸಿಸ್ ಕಲೆ ಬೀಳುವುದು. ಬಾಯಲ್ಲಿ ಕಾಣುವ ಹಲ್ಲುಗಳ ಮೇಲ್ಪದರ ಸುಮಾರು 8 ವರ್ಷದೊಳಗೆ ತಯಾರಾಗಿಬಿಡುತ್ತದೆ. ಆಮೇಲೆ ಹೊಸದಾಗಿ ಕಲೆ ಬೀಳುವುದಿಲ್ಲ. 6 ವರ್ಷದೊಳಗಿನ ಮಕ್ಕಳಿಗೆ ಸರಿಯಾಗಿ ಉಗುಳಲು ಬರುವುದಿಲ್ಲ, ನುಂಗುತ್ತಾರೆ. ಅವರಿಗೆ ಯಾವ ಊರಲ್ಲೂ ಫ್ಲೋರೈಡ್ ಮೌತ್‌ವಾಶ್ ಕೊಡಬಾರದು. ಫ್ಲೋರೈಡ್ ನೀರಿನ ಊರಲ್ಲಿ ಈ ಗೆರೆಯನ್ನು ಎಂಟಕ್ಕೆ ಎಳೆಯುವುದು ಜಾಣತನ ಅಂತ ನನ್ನ ಅಭಿಪ್ರಾಯ. ಎಂಟು ದಾಟಿದ ಮೇಲೂ ಸುಮ್ನೆ ಕೊಡುವುದಲ್ಲ. ಹುಳುಕು ಇದ್ದರೆ, ಡಾಕ್ಟ್ರು ಹೇಳಿದರೆ ಮಾತ್ರ.

ನೀರಿನ ಬಗ್ಗೆ ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಕಿಟ್ ಇದೆಯಾ ಕೇಳಿ, ಇಲ್ಲವೇ ಜಿಲ್ಲಾ ನೀರಿನ ಪ್ರಯೋಗಾಲಯಕ್ಕೆ ಮಾದರಿ ಕೊಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಘಟಕದ ನೀರಿನಲ್ಲಿ ಹೆಚ್ಚಿನಂಶ ಹೋಗಿರುತ್ತದೆ.

ನಮ್ಮ ಹಲ್ಲಿನ ಮೇಲೆ ಆಗಲೇ ಫ್ಲೋರೋಸಿಸ್ ಕಲೆ ಇದೆ. ಹುಳುಕು ಬರಲ್ಲ ಅಂತಾರೆ, ನಿಜಾನಾ?

ಅರ್ಧ ನಿಜ. ತೆಳು ಬಿಳಿ ಮಚ್ಚೆ ಇರುವ ಹಲ್ಲು ಹುಳುಕನ್ನು ಚೆನ್ನಾಗೇ ತಡೆಯುತ್ತದೆ. ಆದರೆ ಮೇಲ್ಪದರ ಗುಳಿ ಬಿದ್ದು, ಚಕ್ಕೆ ಏಳುವಷ್ಟು ಫ್ಲೋರೋಸಿಸ್ ಆಗಿದ್ದರೆ ಆ ಗುಳಿಗಳಲ್ಲಿ ಹುಳುಕು ಸಲೀಸಾಗಿ ಕೂರುತ್ತದೆ. ಯಾವ ಮೌತ್‌ವಾಶೂ ಈ ಕಲೆ ತೆಗೆಯುವುದಿಲ್ಲ, ಯಾಕಂದ್ರೆ ಅದು ಹಲ್ಲಿನ ಮೇಲೆ ಕೂತ ಬಣ್ಣ ಅಲ್ಲ, ಹಲ್ಲಿನೊಳಗೇ ಇರುವುದು. ಮೇಲೆ ಹೇಳಿದ ಕ್ಲೋರ್‌ಹೆಕ್ಸಿಡಿನ್ ಕಲೆಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಪಾಲಿಶ್‌ಗೆ ಅದು ಹೋಗುತ್ತದೆ, ಇದು ಹೋಗುವುದಿಲ್ಲ.

ಹಾಗಾದ್ರೆ ಫ್ಲೋರೈಡ್ ಮೌತ್‌ವಾಶ್‌ನಿಂದ ನಿಜವಾಗಿ ಉಪಯೋಗ ಯಾರಿಗೆ?

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ಮೊದಲು. ಅದೇ ಶಹಾಪುರದ ಹೆಣ್ಣುಮಗಳ ಮಗಳಿಗೆ 14 ವರ್ಷ, ಕ್ಲಿಪ್ ಹಾಕಿತ್ತು. ಅಮ್ಮನ ಬಾಟ್ಲಿಯನ್ನೇ ಅವಳೂ ಹಾಕುತ್ತಿದ್ದಳು. ಕ್ಲಿಪ್ಪಿನ ಸುತ್ತ ಸುಣ್ಣ ಬಳಿದಂಥ ಬಿಳಿ ಮಚ್ಚೆ ಶುರುವಾಗಿತ್ತು. ಅದು ಹುಳುಕಿನ ಮೊದಲ ಹೆಜ್ಜೆ. ಅಲ್ಲಿ ಬೇಕಾಗಿದ್ದು ಫ್ಲೋರೈಡ್, ಕ್ಲೋರ್‌ಹೆಕ್ಸಿಡಿನ್ ಅಲ್ಲ. ಅವರ ಮನೆಗೆ ಕುಡಿಯಲು ಆರ್‌ಒ ನೀರು ಬರುತ್ತಿತ್ತು, ಅದನ್ನು ಕೇಳಿಕೊಂಡೇ ಅವಳ ಬಾಟ್ಲಿಯನ್ನು ಫ್ಲೋರೈಡ್‌ಗೆ ಬದಲಾಯಿಸಿದೆವು. ಶಾಲೆಯಿಂದ ಬಂದ ಮೇಲೆ ತಿಂಡಿ ತಿಂದು, ಬಾಯಿ ತೊಳೆದು, 10 ಮಿಲಿ ಒಂದು ನಿಮಿಷ. ಆಮೇಲೆ ಅರ್ಧ ಗಂಟೆ ನೀರೂ ಇಲ್ಲ. ಕ್ಲಿಪ್ ತೆಗೆಯುವವರೆಗೆ ಮಾತ್ರ. ಹೊಸ ಮಚ್ಚೆ ಬರುವುದು ನಿಂತಿತು. ಹಳೆಯವು ಮಂಕಾದವು, ಪೂರ್ತಿ ಹೋಗಲಿಲ್ಲ.

ಎರಡನೆಯದು ಬಾಯಿ ಒಣಗುವವರು. ಬಿಪಿ, ಅಲರ್ಜಿ, ಖಿನ್ನತೆಯ ಕೆಲವು ಮಾತ್ರೆಗಳಿಂದ ಜೊಲ್ಲು ಕಡಿಮೆಯಾಗುತ್ತದೆ. ಒಣ ರೊಟ್ಟಿ ನುಂಗಲು ಪ್ರತಿ ತುತ್ತಿಗೂ ನೀರು ಬೇಕಾದರೆ ಅದೇ ಗುರುತು. ವಯಸ್ಸಾದವರಲ್ಲಿ ವಸಡು ಕೆಳಗೆ ಸರಿದು ಬೇರು ಹೊರಗೆ ಕಾಣುತ್ತಿರುತ್ತದೆ, ಅಲ್ಲಿ ಹುಳುಕು ಬೇಗ ಹತ್ತುತ್ತದೆ. ಇವರಿಗೆ ಆಲ್ಕೋಹಾಲ್ ಇಲ್ಲದ ಫ್ಲೋರೈಡ್ ಮೌತ್‌ವಾಶ್ ಒಳ್ಳೆಯದು. ತಲೆ, ಕುತ್ತಿಗೆಗೆ ಕ್ಯಾನ್ಸರ್ ರೇಡಿಯೇಷನ್ ಆದವರಿಗೆ ಮೌತ್‌ವಾಶ್ ಒಂದೇ ಸಾಲದು, ಇನ್ನೂ ಗಟ್ಟಿ ಫ್ಲೋರೈಡ್ ಬೇಕಾಗಬಹುದು. ಅದನ್ನು ಚಿಕಿತ್ಸೆ ಕೊಟ್ಟವರನ್ನೇ ಕೇಳಿ.

ಮೂರನೆಯದು, ವರ್ಷ ವರ್ಷ ಹೊಸ ಹುಳುಕು ಬರುವ ದೊಡ್ಡ ಮಕ್ಕಳು. ಶಾಲೆಗಳಲ್ಲಿ ಮೇಲ್ವಿಚಾರಣೆಯಲ್ಲಿ ಮಾಡಿಸಿದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿದ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2016ರ ವರದಿ, ಫ್ಲೋರೈಡ್ ಮೌತ್‌ವಾಶ್‌ನಿಂದ ಮಕ್ಕಳ ಶಾಶ್ವತ ಹಲ್ಲುಗಳ ಹುಳುಕು ಸರಾಸರಿ 27% ಕಡಿಮೆಯಾಗುತ್ತದೆ ಎಂದಿದೆ. ದಿನಾ ಅಥವಾ ವಾರಕ್ಕೊಮ್ಮೆ, ಬಿಡದೆ ಮಾಡಿದಾಗ. ತಿಂಗಳಿಗೊಮ್ಮೆ ನೆನಪಾದಾಗ ಹಾಕಿದರೆ ಏನೂ ಆಗುವುದಿಲ್ಲ.

ಆಂಟಿಸೆಪ್ಟಿಕ್ ಯಾರಿಗೆ ಉಪಯೋಗ?

ಬ್ರಷ್ ಮುಟ್ಟಿಸಲು ಆಗದವರಿಗೆ. ಆಪರೇಷನ್ ಆದ ವಸಡು, ಅಪಘಾತದಲ್ಲಿ ದವಡೆ ಮುರಿದು ತಂತಿ ಕಟ್ಟಿಸಿಕೊಂಡವರು, ಹಾಸಿಗೆ ಹಿಡಿದು ತಾವೇ ಹಲ್ಲುಜ್ಜಲಾಗದವರು. ಬ್ರಷ್ ಮಾಡಲು ಆಗುವವರಿಗೆ ಬ್ರಷ್ಷೇ ಮೌತ್‌ವಾಶ್‌ಗಿಂತ ಮೇಲು.

ಮಗು ಮೌತ್‌ವಾಶ್ ಕುಡಿದುಬಿಟ್ಟಿದೆ!

ಒಂದು ಗುಟುಕು ಆದರೆ ಹಾಲು ಕುಡಿಸಿ, ಮೇಲೆ ಕಣ್ಣಿಡಿ. ಹೊಟ್ಟೆ ತೊಳಸಿದಂತಾಗಬಹುದು. ಬಾಟ್ಲಿಯ ಗಣನೀಯ ಭಾಗ ಖಾಲಿಯಾಗಿದ್ದರೆ, ಅಥವಾ ಅದರಲ್ಲಿ ಆಲ್ಕೋಹಾಲ್ ಇದ್ದರೆ, ಬಾಟ್ಲಿ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ವಾಂತಿ ಮಾಡಿಸಲು ಹೋಗಬೇಡಿ.

ಮೌತ್‌ವಾಶ್‌ನಿಂದ ಬಿಪಿ, ಶುಗರ್ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಸುಳ್ಳಾ?

ಪೂರ್ತಿ ಸುಳ್ಳಲ್ಲ, ಆದರೆ ಉಬ್ಬಿಸಿದ್ದು. ಪಾಲಕ್, ಬೀಟ್‌ರೂಟ್‌ನಂಥವುಗಳಲ್ಲಿರುವ ನೈಟ್ರೇಟನ್ನು ನಾಲಿಗೆ ಮೇಲಿನ ಒಳ್ಳೆ ಬ್ಯಾಕ್ಟೀರಿಯಾಗಳು ಬದಲಾಯಿಸಿ, ರಕ್ತನಾಳ ಸಡಿಲಾಗಿಡಲು ನೆರವಾಗುತ್ತವೆ. ಗಟ್ಟಿ ಆಂಟಿಸೆಪ್ಟಿಕ್ ಅವನ್ನೂ ಕೊಲ್ಲುತ್ತದೆ. 2013ರಲ್ಲಿ ಲಂಡನ್ನಿನಲ್ಲಿ 19 ಆರೋಗ್ಯವಂತರಿಗೆ ಒಂದು ವಾರ ಕ್ಲೋರ್‌ಹೆಕ್ಸಿಡಿನ್ ಕೊಟ್ಟು ನೋಡಿದಾಗ ಬಿಪಿ 2ರಿಂದ 3.5 ಅಂಕ ಏರಿತ್ತು. ಸಣ್ಣ ಅಧ್ಯಯನ, ಸಣ್ಣ ಏರಿಕೆ. ಶುಗರ್ ಮಾತು ಬಂದದ್ದು ಪೋರ್ಟೊರಿಕೊದ 2017ರ ಅಧ್ಯಯನದಿಂದ. ದಿನಕ್ಕೆ ಎರಡು ಸಲ ಅಥವಾ ಹೆಚ್ಚು ಮೌತ್‌ವಾಶ್ ಹಾಕುವ, ತೂಕ ಹೆಚ್ಚಿರುವ ಜನರಲ್ಲಿ ಶುಗರ್ ಏರಿದವರು ಹೆಚ್ಚು ಕಂಡರು. ಮೌತ್‌ವಾಶ್‌ನಿಂದಲೇ ಹಾಗಾಯಿತು ಅಂತ ಅದು ಸಾಬೀತು ಮಾಡುವುದಿಲ್ಲ. ಹತ್ತು ದಿನದ ಕೋರ್ಸ್‌ಗೆ ಹೆದರುವುದು ಬೇಡ. ಬಿಪಿ ಮಾತ್ರೆ ತಗೊಳ್ಳುವವರು ಕಾರಣವೇ ಇಲ್ಲದೆ ವರ್ಷಗಟ್ಟಲೆ ಆಂಟಿಸೆಪ್ಟಿಕ್ ಹಾಕುವುದೂ ಬೇಡ.

ನಮ್ಮ ಮನೆಯಲ್ಲಿ ಆಲ್ಕೋಹಾಲ್ ಮುಟ್ಟಲ್ಲ. ಏನು ಮಾಡಬೇಕು?

ಆಲ್ಕೋಹಾಲ್ ಇಲ್ಲದವು ಬೇಕಾದಷ್ಟಿವೆ, ಬಾಟ್ಲಿ ಮೇಲೆ ಬರೆದಿರುತ್ತದೆ. ಪರಿಣಾಮದಲ್ಲಿ ಅವು ಹಿಂದೆ ಬೀಳುವುದಿಲ್ಲ.

ಗುಟ್ಕಾ ತಿಂದ ಮೇಲೆ ಮೌತ್‌ವಾಶ್ ಹಾಕಿದರೆ ನಡೆಯುತ್ತಾ?

ವಾಸನೆ ಮುಚ್ಚುತ್ತದೆ, ಅಷ್ಟೇ. ತಂಬಾಕು, ಅಡಿಕೆ ಒಳಚರ್ಮಕ್ಕೆ ಮಾಡಿದ ಹಾನಿಯನ್ನು ಯಾವ ಬಾಟ್ಲಿಯೂ ತೊಳೆಯುವುದಿಲ್ಲ. ಮೌತ್‌ವಾಶ್‌ನ ಆಲ್ಕೋಹಾಲ್‌ನಿಂದಲೇ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಗುಟ್ಕಾದಿಂದ ಬರುತ್ತದೆ ಎಂಬುದಕ್ಕೆ ಬೇಕಾದಷ್ಟಿದೆ.

ಇಲ್ಲಿ ನನಗೆ ಚಿಂತೆ ಬೇರೆ. ಮೆಣಸಿನಕಾಯಿ ಚಟ್ನಿ ಮೊದಲು ಸಲೀಸಾಗಿ ತಿನ್ನುತ್ತಿದ್ದವರಿಗೆ ಈಗ ಸಾರಿನ ಖಾರಕ್ಕೂ ಬಾಯಿ ಉರಿಯುತ್ತದೆ. ಮೌತ್‌ವಾಶ್ ಹಾಕಿದರೂ ಉರಿ. ಔಷಧ ಖಾರ ಅಂತ ಬ್ರ್ಯಾಂಡ್ ಬದಲಾಯಿಸುತ್ತಾರೆ. ಬದಲಾಯಿಸುವ ಮುಂಚೆ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬಿಗಿಯಾಗಿದ್ದರೆ, ಅಥವಾ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಮೆಡಿಕಲ್‌ಗೆ ಹೋಗಬೇಡಿ, ಹಲ್ಲಿನ ಡಾಕ್ಟ್ರ ಹತ್ತಿರ ಹೋಗಿ. ನೋವಿಲ್ಲ ಅಂತ ಬಿಡಬೇಡಿ, ಬಾಯಿ ಕ್ಯಾನ್ಸರ್‌ನ ಶುರುವಿನಲ್ಲಿ ಬಹಳ ಸಲ ನೋವು ಇರುವುದಿಲ್ಲ.

ಬಾಯಿ ವಾಸನೆಗಾದ್ರೂ ದಿನಾ ಹಾಕಬಹುದಾ?

ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ತಿಂದ ವಾಸನೆ ಉಸಿರಿನಿಂದಲೂ ಬರುತ್ತದೆ, ಅದಕ್ಕೆ ಮುಕ್ಕಳಿಸಿ ಪ್ರಯೋಜನವಿಲ್ಲ. ಮಾರನೆಯ ದಿನಕ್ಕೆ ಹೋಗಿರುತ್ತದೆ. ಸದಾ ಇರುವ ವಾಸನೆ ಹೆಚ್ಚಾಗಿ ನಾಲಿಗೆಯ ಹಿಂಭಾಗದ ಲೇಪದಿಂದ, ಇಲ್ಲವೇ ವಸಡಿನ ರೋಗದಿಂದ. ನಾಲಿಗೆ ಉಜ್ಜಿ, ಗಾರೆ ತೆಗೆಸಿ. ಅದಾದ ಮೇಲೂ ವಾಸನೆ ಇದ್ದರೆ ಕಾರಣ ಹುಡುಕಬೇಕು. ಮದುವೆ ಮನೆಗೆ ಹೋಗುವ ಮುಂಚೆ ಒಂದು ಸಲ ಹಾಕಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ.

ಉಪ್ಪುನೀರು ಸಾಲದಾ?

ಹಲ್ಲು ಕಿತ್ತ ಮಾರನೆಯ ದಿನದಿಂದ, ಬಾಯಿ ಹುಣ್ಣಿಗೆ, ವಸಡು ಊದಿಕೊಂಡಾಗ ಒಂದೆರಡು ದಿನಕ್ಕೆ ಸಾಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಆದರೆ ಹುಳುಕಿಗೆ ಇದರಿಂದ ಏನೂ ಆಗುವುದಿಲ್ಲ, ಕ್ಲಿಪ್ ಹಾಕಿದ ಹುಡುಗಿಗೆ ಫ್ಲೋರೈಡ್ ಬದಲು ಉಪ್ಪುನೀರು ಕೊಡಬೇಡಿ.